ಹಿಂದೆ ಹೆಸರಿದೆ, ಆದ್ರೆ ನಂಬೋಹಾಗಿಲ್ಲ: ಟ್ರಂಕಿನ 117ನೇ ಫೋಟೋಗೆ ಏನಂತ ಬರೀಲಿ?

ಮಲ್ನಾಡ್_ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಮುಚ್ಚಿಹೋದ ಒಂದು ಫೋಟೋ ಸ್ಟುಡಿಯೋ ಮನೆಯವರು ಒಂದು ತಗಡಿನ ಟ್ರಂಕ್ ತುಂಬಾ ಹಳೇ ಫೋಟೋಗಳನ್ನ ಊರಿನ ಲೈಬ್ರರಿಗೆ ಕೊಟ್ಟಿದಾರೆ, ಸುಮಾರು 340 ಇದಾವೆ, ನಾನು ಶನಿವಾರ ಭಾನುವಾರ ಹೋಗಿ ಒಂದೊಂದನ್ನೇ ಸ್ಕ್ಯಾನ್ ಮಾಡಿ ಶೀಟ್‌ಗೆ ಹಾಕ್ತಿದೀನಿ. ಶೀಟ್‌ನಲ್ಲಿ "ಹೆಸರು" ಅಂತ ಒಂದೇ ಕಾಲಂ ಇದೆ. ಸಮಸ್ಯೆ ಅಲ್ಲೇ ಶುರುವಾಗಿದ್ದು.

117ನೇ ಫೋಟೋದಲ್ಲಿ ಒಬ್ಬ ಹೆಂಗಸು ಕುರ್ಚಿ ಮೇಲೆ ಕೈ ಇಟ್ಕೊಂಡು ನಿಂತಿದಾರೆ, ಪಕ್ಕದಲ್ಲಿ ಸ್ಟೂಲ್ ಮೇಲೆ ಮೂರು ವರ್ಷದ ಹೆಣ್ಣುಮಗು, ಮೊಗ್ಗಿನ ಜಡೆ ಹಾಕಿದಾರೆ. ಹಿಂದೆ ನೀಲಿ ಪೆನ್ನಲ್ಲಿ "ಸಾವಿತ್ರಮ್ಮ" ಅಂತ ಬರೆದಿದೆ. ರಾಜ್ಯೋತ್ಸವಕ್ಕೆ ಒಂದಷ್ಟು ಫೋಟೋ ಗೋಡೆಗೆ ಹಾಕಿದ್ವಿ, ಇದರ ಕೆಳಗೆ ಸಾವಿತ್ರಮ್ಮ ಅಂತಾನೇ ಚೀಟಿ ಅಂಟಿಸಿದ್ದೆ. ಅವತ್ತು ಒಬ್ರು ವಯಸ್ಸಾದ ಅಜ್ಜಿ ಬಂದು ಇವರು ನಮ್ಮ ಅಪ್ಪನ ತಾಯಿ, 1900ರಲ್ಲಿ ಪ್ಲೇಗಲ್ಲಿ ತೀರ್ಕೊಂಡ್ರಂತೆ, ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಮಾರನೇ ದಿನ ಇನ್ನೊಬ್ರು ಬಂದು ಇದು ನಮ್ಮ ತಾತನ ತಂಗಿ ನಾಗವೇಣಿ, 1930ರ ಆಸುಪಾಸಿನದು ಅಂದ್ರು. ಲೈಬ್ರರಿ ಕಮಿಟಿಯವರು "ಯಾವ್ದಾದ್ರೂ ಒಂದು ಹಾಕಮ್ಮ, ಖಾಲಿ ಬಿಟ್ರೆ ಚೆನ್ನಾಗಿರಲ್ಲ" ಅಂತಿದಾರೆ. ನನಗೆ ಹಾಗೆ ಬರೆಯೋಕೆ ಮನಸ್ಸೇ ಬರ್ತಿಲ್ಲ. ಆರ್ಕೈವ್‌ಗಳಲ್ಲಿ ಇದನ್ನ ಹೇಗೆ ಮಾಡ್ತಾರೆ?

ರಾಮು_ಕೆಆರ್‌ಪುರ
ಸಿಂಪಲ್ ಅಲ್ವಾ ಮೇಡಂ, ಸಾವಿತ್ರಮ್ಮ ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಓದೋರಿಗೆ ಗ್ಯಾರಂಟಿ ಇಲ್ಲ ಅಂತ ಅರ್ಥ ಆಗತ್ತೆ.

ಹಳೇಪಟ_ಶ್ರೀ
ರಾಮು ಅವ್ರೆ, ಆ ಚಿಹ್ನೆ ಹಾಕೋದು ತಪ್ಪಲ್ಲ, ದೊಡ್ಡ ಲೈಬ್ರರಿಗಳೂ ಹಾಕ್ತವೆ. ಆದ್ರೆ ಅದೊಂದರ ಮೇಲೇ ಭಾರ ಹಾಕಿದ್ರೆ ಉಳಿಯಲ್ಲ. ನಾನು ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದೀನಿ. ಶೀಟ್‌ನಿಂದ ವೆಬ್‌ಸೈಟಿಗೆ ಹಾಕೋವಾಗ ಯಾರೋ ಚಿಹ್ನೆಗಳನ್ನೆಲ್ಲ ಕ್ಲೀನ್ ಮಾಡ್ತಾರೆ, ಪತ್ರಿಕೆಯವರು ಕಾಪಿ ಮಾಡೋವಾಗ ಅದು ಬಿದ್ದುಹೋಗತ್ತೆ, ಎರಡು ಕೈ ದಾಟೋಷ್ಟರಲ್ಲಿ "ಸಾವಿತ್ರಮ್ಮ?" ಹೋಗಿ "ಸಾವಿತ್ರಮ್ಮ" ಆಗಿರತ್ತೆ. ಆಮೇಲೆ ಆ ಅನುಮಾನ ಯಾರದ್ದು, ಯಾಕೆ ಬಂತು ಅನ್ನೋದೂ ಆ ಒಂದು ಚಿಹ್ನೆಯಿಂದ ತಿಳಿಯಲ್ಲ.

ತಂಗಿ, ನಿಮ್ಮ ಕೇಸಲ್ಲಿ ಮೂರು ಬೇರೆ ಬೇರೆ ವಿಷಯ ಒಂದೇ ಕಾಲಂನಲ್ಲಿ ಕೂತಿವೆ. ಫೋಟೋ ಮೇಲೆ ಏನು ಬರೆದಿದೆ ಅನ್ನೋದು ಒಂದು, ಜನ ಬಂದು ಏನು ಹೇಳಿದ್ರು ಅನ್ನೋದು ಇನ್ನೊಂದು, ಎರಡನ್ನೂ ನೋಡಿ ನಾವು ಏನು ತೀರ್ಮಾನ ಮಾಡಿದ್ವಿ ಅನ್ನೋದು ಮೂರನೇದು. ಮೊದಲು ಇದನ್ನ ಬಿಡಿಸ್ಕೊಳ್ಳಿ, ಹೆಸರಿನ ಜಗಳ ಅರ್ಧ ಕಮ್ಮಿ ಆಗತ್ತೆ.

ಈಗ ಫೋಟೋ ಕೈಯಲ್ಲಿ ಹಿಡ್ಕೊಂಡು ನೋಡಿ ಹೇಳಿ. ಅಳತೆ ಎಷ್ಟು? ಹಿಂದೆ ಏನಾದ್ರೂ ಅಚ್ಚಾಗಿದೆಯಾ? ನೀಲಿ ಪೆನ್ನು ಅಂದ್ರಲ್ಲ, ಅದು ಶಾಯಿ ಪೆನ್ನಾ ಬಾಲ್ ಪೆನ್ನಾ? ಬಾಲ್ ಪೆನ್ನಾದ್ರೆ ಮುಂದಿನ ಕಡೆ ಓರೆ ಬೆಳಕಲ್ಲಿ ಒತ್ತಿದ ಗುರುತು ಕಾಣತ್ತೆ.

ಮಲ್ನಾಡ್_ಮಗಳು
ಅಳತೆ ಮೂರೂವರೆ ಇಂಚು ಐದೂವರೆ ಇಂಚು ಸರ್. ಹಿಂದೆ ಇಂಗ್ಲಿಷಲ್ಲಿ ಪೋಸ್ಟ್ ಕಾರ್ಡ್ ಅಂತ ಅಚ್ಚಾಗಿದೆ, ನಡುವೆ ಉದ್ದಕ್ಕೆ ಒಂದು ಗೆರೆ, ಎಡಗಡೆ ಪತ್ರಕ್ಕೆ ಬಲಗಡೆ ವಿಳಾಸಕ್ಕೆ ಅಂತ. ಅಂಚೆಗೆ ಹಾಕಿಲ್ಲ. ಬಾಲ್ ಪೆನ್ನೇ, ಒತ್ತಿ ಬರೆದಿದಾರೆ. ಇನ್ನೊಂದು ವಿಷಯ, ಟ್ರಂಕಿನ ಬೇರೆ ಫೋಟೋಗಳ ಹಿಂದೆಯೂ ಅದೇ ಅಕ್ಷರ ಇದೆ, ಎಣಿಸಿದ್ರೆ 61 ಸಿಕ್ತು.

ಹಳೇಪಟ_ಶ್ರೀ
ಇಷ್ಟು ಸಾಕು ಶುರು ಮಾಡೋಕೆ. ಬಾಲ್ ಪೆನ್ನು ಅಂಗಡಿಗಳಿಗೆ ಬಂದಿದ್ದೇ 1940ರ ದಶಕದಲ್ಲಿ, ಅದೂ ಹೊರದೇಶಗಳಲ್ಲಿ, ನಮ್ಮೂರುಗಳಿಗೆ ಬಂದಿದ್ದು ಅದಕ್ಕಿಂತ ತಡವಾಗಿ. ಅಂದ್ರೆ ಆ ಹೆಸರನ್ನ ಬರೆದೋರು ಫೋಟೋ ತೆಗೆಸ್ಕೊಂಡೋರಲ್ಲ, ಎಷ್ಟೋ ವರ್ಷ ಆದ್ಮೇಲೆ ಯಾರೋ ಕೂತು 61 ಫೋಟೋಗಳಿಗೆ ನೆನಪಿನಿಂದ ಬರೆದಿದಾರೆ. ಅವರು ಆ ಹೆಂಗಸನ್ನ ಕಂಡಿದ್ರೋ, ಮನೇಲಿ ಯಾರೋ ಹೇಳಿದ್ದನ್ನ ಕೇಳಿ ಬರೆದ್ರೋ ಗೊತ್ತಾಗಲ್ಲ. 61 ಕಡೆ ಬರೆದಿದ್ರೂ ಸಾಕ್ಷಿ ಒಬ್ಬರೇ.

ಗೆರೆ ಇರೋ ಕಾರ್ಡು ಇನ್ನೊಂದು ವಿಷಯ ಹೇಳತ್ತೆ. ಮೊದಲು ಪೋಸ್ಟ್ ಕಾರ್ಡಿನ ಹಿಂದೆ ವಿಳಾಸ ಮಾತ್ರ ಬರೀಬೇಕಿತ್ತು. ಒಂದೇ ಕಡೆ ಪತ್ರ, ವಿಳಾಸ ಎರಡೂ ಬರೆಯೋಕೆ ಬ್ರಿಟನ್ 1902ರಲ್ಲಿ ಒಪ್ಪಿಗೆ ಕೊಡ್ತು, ಉಳಿದ ದೇಶಗಳು ಆಮೇಲೆ ಬಂದ್ವು. ಹಾಗಾಗಿ ನಿಮ್ಮ ಕೈಲಿರೋ ಕಾಗದ 1902ಕ್ಕಿಂತ ಮುಂಚಿನದಲ್ಲ. ಅಜ್ಜಿ ಹೇಳಿದ ಸಾವಿತ್ರಮ್ಮ 1900ರಲ್ಲೇ ಹೋಗಿದಾರೆ.

ಆದ್ರೆ ಇಲ್ಲೇ "ಅಜ್ಜಿ ತಪ್ಪು" ಅಂತ ಬರೆದುಬಿಡಬೇಡಿ. ಕಾಗದದ ವಯಸ್ಸು ಬೇರೆ, ಚಿತ್ರದ ವಯಸ್ಸು ಬೇರೆ. ಮನೇಲಿ ಯಾರಾದ್ರೂ ತೀರ್ಕೊಂಡ್ರೆ ಇದ್ದ ಒಂದೇ ಫೋಟೋನ ಸ್ಟುಡಿಯೋಗೆ ಒಯ್ದು ಅದರ ಫೋಟೋ ತೆಗೆಸಿ ನಾಲ್ಕು ಪ್ರತಿ ಮಾಡಿಸಿ ಅಣ್ಣತಮ್ಮಂದಿರಿಗೆ ಹಂಚೋದು ಬಹಳ ಸಾಮಾನ್ಯ. ಪರೀಕ್ಷೆ ಹೀಗೆ: ಕಿಟಕಿ ಪಕ್ಕ ಹಿಡಿದು ಬೆಳಕು ಓರೆಯಾಗಿ ಬೀಳೋಹಾಗೆ ಮಾಡಿ, ಚಿತ್ರದಲ್ಲಿ ಎಲ್ಲಾದ್ರೂ ಬಿರುಕು, ಮಡಿಕೆ, ಕಲೆ ಕಾಣ್ತಿದ್ದು ಆ ಜಾಗದಲ್ಲಿ ಕಾಗದ ಮಾತ್ರ ನುಣ್ಣಗಿದೆಯಾ ನೋಡಿ. ಇದ್ರೆ ಆ ಬಿರುಕು ಹಳೇ ಫೋಟೋದ್ದು. ಮೂಲೆಗಳಲ್ಲಿ ಗುಂಡುಸೂಜಿ ನೆರಳು, ಅಂಚಲ್ಲಿ ಹಳೇ ರಟ್ಟಿನ ಗೆರೆ, ಇವೂ ಸಿಗಬಹುದು.

ಧಾರವಾಡ_ಅಕ್ಕ
ಫೋಟೋ ಹಿಂದ ಬಾಲ್ ಪೆನ್ನಿಲೆ ಬರೀಬಾರದು ಅಂತ ಈಗ ಗೊತ್ತಾತು ನೋಡ್ರಿ, ನಮ್ಮವ್ವ ಎಲ್ಲಾ ಫೋಟೋಕ್ಕೂ ಹಂಗ ಬರದಾಳ, ಮುಂದಿನ ಕಡೆ ಮಾರಿ ಮ್ಯಾಲೆ ಅಕ್ಷರ ಎದ್ದಾವ. ಅದನ್ನ ಹೆಂಗ ಸರಿಮಾಡೋದು ಸರ್?

ಇನ್ನೊಂದು ಹೇಳ್ಬೇಕು. ನಮ್ಮ ಮನ್ಯಾಗ ಮುತ್ತಜ್ಜಂದು ಅಂತ ಒಂದು ದೊಡ್ಡ ಫೋಟೋ ಇತ್ತು, ಪ್ರತಿ ವರ್ಷ ಅವರ ತಿಥಿಗೆ ಅದಕ್ಕ ಮಾಲಿ ಹಾಕ್ತಿದ್ವಿ. ಅಪ್ಪ ಹೋದಮ್ಯಾಲ ಬೆಳಗಾವಿ ಕಡೆ ಸಂಬಂಧಿಕರು ಬಂದಾಗ ಅವರ ಮನ್ಯಾಗ ಅದೇ ಫೋಟೋದ ಇನ್ನೊಂದು ಪ್ರತಿ ಐತಿ, ಅದು ಮುತ್ತಜ್ಜಂದಲ್ಲ ಅವರ ಅಣ್ಣಂದು, ಕೆಳಗ ಅವಾಗಿನ ಶಾಯಿಯೊಳಗ ಹೆಸರು, ಇಸವಿ ಎಲ್ಲಾ ಐತಿ ಅಂತ ತಿಳೀತು. ಯಾರೂ ಸುಳ್ಳು ಹೇಳಿದ್ದಲ್ಲರಿ. ಅಪ್ಪಗ ಅವರಪ್ಪ ಹಂಗ ಹೇಳಿದ್ರು, ಅಷ್ಟ.

ಹಳೇಪಟ_ಶ್ರೀ
ಅಕ್ಕಾ, ಎದ್ದ ಅಕ್ಷರ ಮನೇಲಿ ಒತ್ತಿ ಸರಿಮಾಡೋಕೆ ಹೋಗ್ಬೇಡಿ, ಫೋಟೋ ಮೇಲಿನ ಪದರ ಒಡೆಯತ್ತೆ. ಹಾಗೇ ಬಿಡಿ. ಇನ್ಮುಂದೆ ಬರೆಯೋದಾದ್ರೆ ಮೆತ್ತಗಿನ ಸೀಸದ ಕಡ್ಡೀಲಿ ಹಿಂದಿನ ಅಂಚಲ್ಲಿ ಹಗುರಾಗಿ ಬರೀರಿ, ಅಥವಾ ಕವರ್ ಮೇಲೆ ಬರೀರಿ. ನಿಮ್ಮ ಬೆಳಗಾವಿ ಪ್ರತಿ ವಿಷಯ ಬಹಳ ಮುಖ್ಯ, ಆವಾಗಲೇ ಬರೆದ ಹೆಸರಿರೋ ಎರಡನೇ ಪ್ರತಿ ಸಿಗೋದು ಅಪರೂಪ, ಸಿಕ್ರೆ ಅದಕ್ಕಿಂತ ಗಟ್ಟಿ ಆಧಾರ ನಮ್ಮ ಕೆಲಸದಲ್ಲಿ ಕಮ್ಮಿ. 117ಕ್ಕೂ ನಾಗವೇಣಿ ಅಂದವರ ಮನೇಲಿ ಪ್ರತಿ ಇದೆಯಾ ಅಂತ ಕೇಳಬೇಕು.

ಇತಿಹಾಸಪ್ರಿಯ_ಮೈಸೂರು
ಇಷ್ಟೆಲ್ಲ ಯಾಕೆ, ಅಜ್ಜಿ ಮನೇಲಿ ಫೋಟೋದಲ್ಲಿರೋ ವಂಕಿ ಅಥವಾ ಡಾಬು ಇದೆಯಾ ಕೇಳಿ, ಇದ್ರೆ ಮುಗೀತು. ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ಪೇಂಟಿಂಗ್ ನೋಡಿ, ನರ್ತಕಿಯರು ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ರು, ಆಮೇಲೆ ಮುಖ ಹೊಂದಿಸಿ ಅವರಲ್ಲಿ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ಅಂತ ಪ್ರೂವ್ ಮಾಡಿದಾರೆ, ಸಿಡುಬಿನ ಲಸಿಕೆ ಪ್ರಚಾರಕ್ಕೆ ಬರೆಸಿದ್ದು. ಪೇಪರಲ್ಲೆಲ್ಲ ಬಂದಿತ್ತು.

ಹಳೇಪಟ_ಶ್ರೀ
ನೀವು ಹೇಳಿದ ಪೇಂಟಿಂಗ್ ಸರಿ, 1805ರ ಸುಮಾರಿನದು. ಆದ್ರೆ ಅದನ್ನ ಮುಖ ಹೊಂದಿಸಿ ಹೇಳಿದ್ದಲ್ಲ. ನೈಜೆಲ್ ಚಾನ್ಸೆಲರ್ ಅನ್ನೋ ಇತಿಹಾಸಕಾರರು ಚಿತ್ರದ ಕಾಲ, ಅರಮನೆ ದಾಖಲೆ, ಒಡವೆ, ಒಬ್ಬ ರಾಣಿಯ ಬಾಯಿ ಸುತ್ತ ಇರೋ ಬಣ್ಣಗೆಟ್ಟ ಚರ್ಮ, ಇನ್ನೊಬ್ಬರು ಲಸಿಕೆ ಹಾಕೋ ತೋಳು ಕಾಣೋಹಾಗೆ ಸೆರಗು ಸರಿಸಿರೋದು, ಇವನ್ನೆಲ್ಲ ಸೇರಿಸಿ ಮಂಡಿಸಿದ ವಾದ ಅದು. ಒಳ್ಳೇ ವಾದ. ಆದ್ರೂ ಕ್ಯಾಟಲಾಗ್ ಮಾಡೋನು "ಪ್ರೂವ್ ಆಗಿದೆ" ಅಂತ ಬರೆಯಲ್ಲ, "ಚಾನ್ಸೆಲರ್ ಅವರ ಪ್ರಕಾರ" ಅಂತ ಬರೀತಾನೆ, ಮೊದಲು ನರ್ತಕಿಯರು ಅಂತ ಕರೀತಿದ್ರು ಅನ್ನೋದನ್ನೂ ಪಕ್ಕದಲ್ಲೇ ಇಡ್ತಾನೆ.

ಒಡವೆ ವಿಷಯಕ್ಕೆ ಒಂದು ಕತೆ ಹೇಳ್ತೀನಿ, ಸ್ವಲ್ಪ ಉದ್ದ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರೀಲಿ 4451 ನಂಬರಿನ ಒಂದು ಆಳೆತ್ತರದ ಚಿತ್ರ ಇದೆ, 1545ರ ಸುಮಾರಿನದು, ಮಾಸ್ಟರ್ ಜಾನ್ ಅನ್ನೋ ಕಲಾವಿದನದು ಅಂತಾರೆ. ಅದು ಇದ್ದ ಮನೇಲಿ ತುಂಬಾ ಕಾಲ ಅದನ್ನ ಎಂಟನೇ ಹೆನ್ರಿಯ ಕೊನೇ ರಾಣಿ ಕ್ಯಾಥರೀನ್ ಪಾರ್ ಅಂತಲೇ ಕರೀತಿದ್ರು. 1965ರಲ್ಲಿ ಗ್ಯಾಲರಿ ಕೊಂಡ್ಕೊಳ್ತು, ಆವಾಗ ರಾಯ್ ಸ್ಟ್ರಾಂಗ್ ಅನ್ನೋ ದೊಡ್ಡ ವಿದ್ವಾಂಸರು ಇದು ಪಾರ್ ಅಲ್ಲ, ಲೇಡಿ ಜೇನ್ ಗ್ರೇ ಅಂದ್ರು. ಅವರ ಆಧಾರ ಏನು ಗೊತ್ತಾ? ಎದೆ ಮೇಲಿರೋ ಒಡವೆ. 1620ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಜೇನ್ ಗ್ರೇ ಅಂತ ಹೆಸರು ಹಾಕಿದ ಒಂದು ಕೆತ್ತನೆ ಚಿತ್ರ ಇದೆ, ಅದರಲ್ಲೂ ಅಂಥದ್ದೇ ಒಡವೆ. ಒಡವೆ ಒಂದೇ, ಹಾಗಾಗಿ ಹೆಂಗಸೂ ಒಬ್ಬಳೇ ಅಂತ ಲೆಕ್ಕ. ಗೋಡೆ ಮೇಲೆ ಹೆಸರು ಬದಲಾಯ್ತು, ಮೂವತ್ತು ವರ್ಷ ಅದು ಜೇನ್ ಗ್ರೇ.

1996ರಲ್ಲಿ ಸೂಸನ್ ಜೇಮ್ಸ್ ಅನ್ನೋರು ಅದೇ ಒಡವೇನ ಇನ್ನೊಂದು ಕಡೆಯಿಂದ ಹಿಡಿದ್ರು. ಮೇಲೆ ಕಿರೀಟದ ಆಕಾರ ಇರೋ ಆ ಪದಕ ಕ್ಯಾಥರೀನ್ ಪಾರ್ ಅವರ ಒಡವೆಗಳ ಪಟ್ಟಿಯಲ್ಲಿ ದಾಖಲಾಗಿತ್ತು, ಆ ಕಾಲದಲ್ಲೇ ಬರೆದ ಪಟ್ಟಿ. 1620ರ ಕೆತ್ತನೆಗಿದ್ದ ಹೆಸರೇ ತಪ್ಪಾಗಿತ್ತು, ಜೇನ್ ಸತ್ತು 66 ವರ್ಷ ಆದ್ಮೇಲೆ ಯಾರೋ ಅಂಟಿಸಿದ ಹೆಸರು. ಆ ತಪ್ಪು ಹೆಸರೇ 345 ವರ್ಷ ಕಾದು ಸರಿಯಾಗಿದ್ದ ಚಿತ್ರದ ಹೆಸರನ್ನ ಕೆಡಿಸ್ತು. ಚಿತ್ರ ಮತ್ತೆ ಕ್ಯಾಥರೀನ್ ಪಾರ್ ಆಯ್ತು.

ಇದರಲ್ಲಿ ಎರಡು ವಿಷಯ ನೋಡಿ. ಹಿಂದಿನ ಹೆಸರನ್ನ ಅಳಿಸಿ ಹಾಕಿದ್ದಿದ್ರೆ, ಅದನ್ನ ಕೊಟ್ಟ ಮನೆಯವರು ಏನಂತ ಕರೀತಿದ್ರು ಅನ್ನೋ ದಾಖಲೆ ಇಲ್ದೇ ಇದ್ದಿದ್ರೆ, ವಾಪಸ್ ಬರೋ ದಾರಿ ಕಷ್ಟ ಇತ್ತು. ಇನ್ನೊಂದು, ಅಲ್ಲಿ ಒಡವೆ ಕೆಲಸ ಮಾಡಿದ್ದು ಅದು ಒಬ್ಬರಿಗಾಗಿ ಮಾಡಿಸಿದ ವಿಶೇಷ ಒಡವೆ ಆಗಿದ್ದಕ್ಕೆ, ಪಟ್ಟಿ ಇದ್ದಿದ್ದಕ್ಕೆ. ನಮ್ಮ ವಂಕಿ, ಡಾಬು ಹಾಗಲ್ಲ. ಒಂದೇ ಅಕ್ಕಸಾಲಿಗರು ಊರಿಗೆಲ್ಲ ಅದೇ ಮಾದರೀಲಿ ಮಾಡಿರ್ತಾರೆ, ಫೋಟೋಗೆ ಅಂತ ಓರಗಿತ್ತಿ ಒಡವೆ ಹಾಕ್ಕೊಳ್ತಿದ್ರು, ಕೆಲವು ಸಲ ಸ್ಟುಡಿಯೋದವರೇ ನೆಗೆಟಿವ್ ಮೇಲೆ ಕುಂಚದಲ್ಲಿ ಒಡವೆ ತಿದ್ದಿರ್ತಾರೆ. ಮನೇಲಿ ವಂಕಿ ಸಿಕ್ರೆ ಬರ್ಕೊಳ್ಳಿ, ಆದ್ರೆ ಅಷ್ಟಕ್ಕೇ ಹೆಸರು ಗಟ್ಟಿ ಆಗಲ್ಲ.

ಇತಿಹಾಸಪ್ರಿಯ_ಮೈಸೂರು
ಒಪ್ಪಿದೆ ಸರ್, ಮುಖ ಹೊಂದಿಸಿದ್ರು ಅಂತ ನಾನು ಹೇಳಿದ್ದು ತಪ್ಪು. ಆದ್ರೂ ರಾಣಿಯರ ವಿಷಯ ನನಗೆ ಸರಿ ಅಂತಾನೇ ಅನ್ಸತ್ತೆ.

ಮಲ್ನಾಡ್_ಮಗಳು
ಸರ್, ಬಿರುಕು ಸಿಕ್ತು!! ಮಗುವಿನ ಕಾಲ ಹತ್ರ ಒಂದು ಬಿಳೀ ಗೆರೆ ಅಡ್ಡಕ್ಕೆ ಹೋಗತ್ತೆ, ಸ್ಕ್ಯಾನಲ್ಲಿ ನೋಡಿ ಮಡಿಕೆ ಅಂದ್ಕೊಂಡಿದ್ದೆ, ಕಿಟಕಿ ಹತ್ರ ಹಿಡಿದ್ರೆ ಅಲ್ಲಿ ಕಾಗದ ಪೂರ್ತಿ ನುಣ್ಣಗಿದೆ. ಮೇಲಿನ ಎಡ ಮೂಲೇಲಿ ಚಿಕ್ಕ ದುಂಡಗಿನ ಕಪ್ಪು, ಪಕ್ಕದಲ್ಲಿ ನೆರಳು. ಹಾಗಾದ್ರೆ ಇದು ಹಳೇ ಫೋಟೋದ ಫೋಟೋನೇ. ಅಜ್ಜಿ ಹೇಳಿದ್ದು ನಿಜ ಅಂತಾಯ್ತಲ್ವಾ?

ಹಳೇಪಟ_ಶ್ರೀ
ತುಂಬಾ ಚೆನ್ನಾಗಿ ನೋಡಿದೀರಿ. ಆದ್ರೆ ನಿಜ ಅಂತಾಗಲಿಲ್ಲ, ಆಗಿರೋಕೆ ಸಾಧ್ಯ ಅಂತ ಮಾತ್ರ ಆಯ್ತು. 1930ರ ಫೋಟೋದ ಪ್ರತಿಯೂ ಹೀಗೇ ಇರಬಹುದು, ಹಾಗಾಗಿ ನಾಗವೇಣಿಯವರೂ ಹೊರಗೆ ಹೋಗಲ್ಲ.

ಇನ್ನೊಂದು ಕೇಳಬೇಕು, ಬೇಜಾರಾಗ್ಬೇಡಿ. ಅಜ್ಜಿ ಫೋಟೋ ನೋಡಿದಾಗ ಕೆಳಗೆ ಸಾವಿತ್ರಮ್ಮ ಅಂತ ಚೀಟಿ ಇತ್ತು ಅಂದ್ರಿ. ಅವರು ಮುಖ ನೋಡಿ ಹೇಳಿದ್ರಾ, ಚೀಟಿ ಓದಿ ಹೇಳಿದ್ರಾ? ಅವರ ಅಜ್ಜಿ ಅವರು ಹುಟ್ಟೋಕೆ ಮುಂಚೇನೇ ಹೋಗಿದಾರೆ, ಕಂಡಿರೋಕೆ ಸಾಧ್ಯ ಇಲ್ಲ.

ಮಲ್ನಾಡ್_ಮಗಳು
ಚೀಟಿ ಓದಿದ ಮೇಲೇ ಹೇಳಿದ್ದು ಸರ್. ಜೊತೇಲಿದ್ದ ಮೊಮ್ಮಗಳು ಜೋರಾಗಿ ಓದಿ ಹೇಳಿದ್ಲು. ಈಗ ನೆನೆಸ್ಕೊಂಡ್ರೆ ಹೊಟ್ಟೆ ಕಿವುಚತ್ತೆ, ಆ ಚೀಟಿ ನಾನೇ ಬರೆದಿದ್ದು.

ಕಾಫಿತೋಟ_ಗಿರಿ
ಸ್ವಲ್ಪ ನಿಲ್ಲಿ. ನೀವೆಲ್ಲ ಕಾಗದ, ಪೆನ್ನು, ಬಿರುಕು ಅಂತ ನೋಡ್ತಿದೀರಿ, ಆ ಅಜ್ಜಿ ಮಾತಿಗೆ ಬೆಲೆ ಇಲ್ವಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರು ಯಾವ ಪತ್ರದಲ್ಲೂ ಇಲ್ಲ, ಪಹಣೀಲಿ ಇಲ್ಲ, ವಂಶವೃಕ್ಷದಲ್ಲಿ "ಹೆಂಡತಿ" ಅಂತ ಮಾತ್ರ. ದಾಖಲೆ ಬೇಕು ಅಂದ್ರೆ ಗಂಡಸರ ಫೋಟೋಗೆ ಮಾತ್ರ ಹೆಸರು ಉಳಿಯತ್ತೆ.

ಹಳೇಪಟ_ಶ್ರೀ
ಗಿರಿ ಅವ್ರೆ, ಈ ಮಾತು ನಾನು ಪೂರ್ತಿ ಒಪ್ತೀನಿ. ಅದಕ್ಕೇ ಅಜ್ಜಿ ಮಾತನ್ನ ಎಲ್ಲೂ ಬಿಡಬಾರದು, ಅವರು ಹೇಳಿದ ಮಾತಲ್ಲೇ, ಯಾವತ್ತು, ಯಾವ ಸಂದರ್ಭದಲ್ಲಿ ಹೇಳಿದ್ರು ಅಂತ ಪೂರ್ತಿ ಬರೀಬೇಕು, ಪ್ಲೇಗಿನ ವಿಷಯ ಸಮೇತ. ಚೀಟಿ ಇತ್ತು ಅನ್ನೋದೂ ಬರೀಬೇಕು, ಆ ತಪ್ಪು ಅಜ್ಜೀದಲ್ಲವಲ್ಲ. ನಾನು ಬೇಡ ಅಂತಿರೋದು ಅವರ ಮಾತನ್ನ ಶೀರ್ಷಿಕೆ ಮಾಡೋದು ಮಾತ್ರ.

ಶೀರ್ಷಿಕೇನ ನಾವೇ ಕೊಟ್ಟಿದ್ರೆ ಚೌಕ ಆವರಣದಲ್ಲಿ ಇಡೋದು ಪದ್ಧತಿ, ಫೋಟೋ ಮೇಲೆ ಇದ್ದಿದ್ದಲ್ಲ, ಕ್ಯಾಟಲಾಗ್ ಮಾಡಿದವರದು ಅಂತ ಅದರಿಂದ ತಿಳಿಯತ್ತೆ. ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 2010ರಲ್ಲಿ ಲಿಲ್ಯೆನ್‌ಕ್ವಿಸ್ಟ್ ಕುಟುಂಬ ಕೊಟ್ಟ ಅಂತರ್ಯುದ್ಧದ ಸೈನಿಕರ ಫೋಟೋಗಳಲ್ಲಿ ನೂರಾರಕ್ಕೆ ಹೀಗೇ "ಗುರುತು ಸಿಗದ ಸೈನಿಕ" ಅಂತ ಶುರುವಾಗಿ ಸಮವಸ್ತ್ರ, ಕೈಯಲ್ಲಿರೋ ಆಯುಧ, ಪಕ್ಕದಲ್ಲಿರೋರು, ಅಂದ್ರೆ ಕಣ್ಣಿಗೆ ಕಾಣೋದನ್ನ ಮಾತ್ರ ಹೇಳೋ ಶೀರ್ಷಿಕೆಗಳಿವೆ. ನಿಮ್ಮದಕ್ಕೂ ಅಷ್ಟೇ. ಮತ್ತೆ "ಹೆಣ್ಣುಮಗು" ಅಂತ ಬರೆದಿದೀರಲ್ಲ, ಅದನ್ನ "ಮಗು" ಅಂತ ಮಾಡಿ. ಚೌಲಕ್ಕೆ ಮುಂಚೆ ಗಂಡುಮಕ್ಕಳಿಗೂ ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸೋದು ನಮ್ಮಲ್ಲಿ ಇದ್ದಿದ್ದೇ. "ತಾಯಿ ಮಗು" ಅಂತಲೂ ಬೇಡ, ಚಿಕ್ಕಮ್ಮ ಇರಬಹುದು, ಅತ್ತೆ ಇರಬಹುದು.

ಮಲ್ನಾಡ್_ಮಗಳು
ಜಡೆ ವಿಷಯ ಹೊಳೆದೇ ಇರಲಿಲ್ಲ, ನಮ್ಮ ಅಪ್ಪಂದೇ ಅಂಥ ಫೋಟೋ ಮನೇಲಿದೆ! ಹೆಸರಿನ ಕಾಲಂ ತೆಗೆದು ಹೀಗೆ ಮಾಡ್ಕೊಂಡೆ, ಸರಿ ಇದೆಯಾ ನೋಡಿ:

```
id: T1-117
title: [ಗುರುತು ಸಿಗದ ಹೆಂಗಸು ಮತ್ತು ಮಗು]
inscription: ಹಿಂಬದಿ, ನೀಲಿ ಬಾಲ್ ಪೆನ್: "ಸಾವಿತ್ರಮ್ಮ"
print_date: 1902 ಅಥವಾ ನಂತರ (ಗೆರೆ ಇರುವ ಕಾರ್ಡ್)
image_date: ತಿಳಿದಿಲ್ಲ; ಹಳೆ ಫೋಟೋದ ಪ್ರತಿ
claim_1: ಸಾವಿತ್ರಮ್ಮ; ಅವರ ಮೊಮ್ಮಗಳಾದ ಅಜ್ಜಿಯ ಹೇಳಿಕೆ, ಚೀಟಿ ನೋಡಿದ ಮೇಲೆ
claim_2: ನಾಗವೇಣಿ; ಅಣ್ಣನ ಮೊಮ್ಮಗನ ಹೇಳಿಕೆ
status: ತೀರ್ಮಾನ ಆಗಿಲ್ಲ
```

ಹಳೇಪಟ_ಶ್ರೀ
ಚೆನ್ನಾಗಿದೆ. ಎರಡು ಹೇಳಿಕೆಗೂ ತಾರೀಖು, ಬರ್ಕೊಂಡವರು ಯಾರು ಅನ್ನೋದು ಸೇರಿಸಿ. ಹೇಳಿದವರ ಹೆಸರು, ಫೋನ್ ನಂಬರ್ ಕಚೇರಿ ಪ್ರತೀಲಿ ಇರಲಿ, ವೆಬ್‌ಸೈಟಲ್ಲಿ ಬೇಡ. ಎರಡನೇ ಹೇಳಿಕೆ ಕೊಟ್ಟೋರೂ ಆ ಚೀಟಿ ನೋಡಿರ್ತಾರೆ, ಆದ್ರೂ ಬೇರೆ ಹೆಸರು ಹೇಳಿದ್ರು ಅನ್ನೋದನ್ನೂ ಬರೀರಿ. ಸ್ಕ್ಯಾನ್ ಫೈಲಿನ ಹೆಸರಲ್ಲಿ ಸಾವಿತ್ರಮ್ಮ ಅಂತ ಇದ್ರೆ ಈಗಲೇ ಬದಲಾಯಿಸಿ ನಂಬರ್ ಮಾತ್ರ ಇಡಿ, ಫೈಲಿನ ಹೆಸರೇ ವಾಟ್ಸಾಪಲ್ಲಿ ಓಡಾಡೋದು.

ಗ್ರಂಥಪಾಲಕಿ_ಸುಮಾ
ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನಾನು ಕಾಲೇಜು ಲೈಬ್ರರೀಲಿ ಕೆಲಸ ಮಾಡೋದು. ನಾಳೆ ಸಾವಿತ್ರಮ್ಮನ ಮರಿಮಗ ಅಮೆರಿಕಾದಿಂದ ಹುಡುಕಿದ್ರೆ ಅವನಿಗೆ ಈ ಫೋಟೋ ಸಿಗಬೇಕಲ್ವಾ? ಹಾಗಾಗಿ ಎರಡೂ ಹೆಸರನ್ನ ವಿಷಯದ ಪಟ್ಟೀಲೂ ಹಾಕಿ, ಹುಡುಕೋದಕ್ಕೆ. ಟಿಪ್ಪಣೀಲಿ ಮಾತ್ರ ಇದ್ರೆ ಎಷ್ಟೋ ಸಾಫ್ಟ್‌ವೇರ್ ಅದನ್ನ ಹುಡುಕೋದೇ ಇಲ್ಲ.

ಹಳೇಪಟ_ಶ್ರೀ
ಸುಮಾ ಮೇಡಂ, ನನಗೆ ಅಲ್ಲೇ ಭಯ. ವಿಷಯದ ಪಟ್ಟೀಲಿ ಹೆಸರು ಹಾಕಿದ್ರೆ ಅನುಮಾನ ಅನ್ನೋದು ಅಲ್ಲಿ ಕೂರಲ್ಲ, "ಸಾವಿತ್ರಮ್ಮ" ಅಂತ ಒತ್ತಿದ ತಕ್ಷಣ ಈ ಮುಖ ಬರತ್ತೆ, ನೋಡಿದೋರು ಟಿಪ್ಪಣಿ ಓದಲ್ಲ, ಮುಖ ಡೌನ್‌ಲೋಡ್ ಮಾಡ್ಕೊಂಡು ಹೋಗ್ತಾರೆ. ಟಿಪ್ಪಣೀಲೂ ಹುಡುಕೋ ಸಾಫ್ಟ್‌ವೇರ್ ತಗೊಳ್ಳೋದೇ ಸರಿ.

ಗ್ರಂಥಪಾಲಕಿ_ಸುಮಾ
ಊರಿನ ಲೈಬ್ರರಿಗೆ ಸಾಫ್ಟ್‌ವೇರ್ ಆರಿಸ್ಕೊಳ್ಳೋ ಅವಕಾಶ ಎಲ್ಲಿದೆ ಸರ್. ಫಲಿತಾಂಶದ ಪುಟದಲ್ಲೇ ಶೀರ್ಷಿಕೆ "ಗುರುತು ಸಿಗದ ಹೆಂಗಸು" ಅಂತ ಮೊದಲು ಕಾಣತ್ತಲ್ಲ, ಅದು ಸಾಕು ಅಂತ ನನ್ನ ಅನಿಸಿಕೆ. ಸಿಗದೇ ಇರೋ ಫೋಟೋಗೆ ಸರಿಯಾದ ಹೆಸರು ಯಾವತ್ತೂ ಬರಲ್ಲ.

ಹಳೇಪಟ_ಶ್ರೀ
ಆ ಕೊನೇ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಯೋಚನೆ ಮಾಡ್ತೀನಿ.

ರಾಮು_ಕೆಆರ್‌ಪುರ
ಸ್ಟುಡಿಯೋ ಅಂದ್ರೆ ನಂಬರ್ ಇರ್ಬೇಕಲ್ಲ? ನಮ್ಮ ಚಿಕ್ಕಪ್ಪ ಸ್ಟುಡಿಯೋ ಇಟ್ಟಿದ್ರು, ನೆಗೆಟಿವ್ ಅಂಚಲ್ಲಿ ಸೂಜೀಲಿ ನಂಬರ್ ಕೆರೆದು ಅದನ್ನೇ ಪುಸ್ತಕದಲ್ಲಿ ಯಾರು ಎಷ್ಟು ಅಡ್ವಾನ್ಸ್ ಕೊಟ್ರು ಅಂತ ಬರೀತಿದ್ರು.

ಮಲ್ನಾಡ್_ಮಗಳು
ರಾಮು ಅಣ್ಣ!! ಕೆಳಗಿನ ಅಂಚಲ್ಲಿ ಉಲ್ಟಾ ಅಕ್ಷರದಲ್ಲಿ ಕಪ್ಪು ಗೀರು ಇದೆ, ನಾನು ಕಸ ಅಂದ್ಕೊಂಡಿದ್ದೆ, ಸ್ಕ್ಯಾನ್ ತಿರುಗಿಸಿ ನೋಡಿದ್ರೆ 2 ಮತ್ತು 8 ಓದೋಕಾಗತ್ತೆ, ನಡುವಿನ ಅಂಕಿ ಕಾಣ್ತಿಲ್ಲ.

ಹಳೇಪಟ_ಶ್ರೀ
ಪುಸ್ತಕ ಸಿಕ್ರೂ ಅದರಲ್ಲಿರೋದು ಪ್ರತಿ ಮಾಡಿಸೋಕೆ ತಂದವರ ಹೆಸರು, ಫೋಟೋದಲ್ಲಿರೋರ ಹೆಸರಲ್ಲ, ಇದನ್ನ ಈಗಲೇ ಮನಸ್ಸಲ್ಲಿಟ್ಕೊಳ್ಳಿ. ಆದ್ರೂ ಯಾರ ಮನೆಯಿಂದ ಬಂತು ಅಂತ ಗೊತ್ತಾದ್ರೆ ಎರಡು ಮನೆಗಳಲ್ಲಿ ಒಂದರ ಕಡೆ ವಾಲಬಹುದು. ಆ ಗೀರನ್ನ 1200 ರೆಸಲ್ಯೂಷನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಹಾಕಿ.

ಮಲ್ನಾಡ್_ಮಗಳು
ಟ್ರಂಕಿನ ತಳದಲ್ಲಿ ಎರಡು ಉದ್ದ ಪುಸ್ತಕ ಇದಾವೆ ಸರ್, ಗೆದ್ದಲು ತಿಂದು ಹಾಳೆಗಳು ಅಂಟ್ಕೊಂಡಿವೆ, ಬಿಡಿಸೋಕೆ ಹೋಗದೆ ಹಾಗೇ ಇಟ್ಟಿದೀನಿ. ನಾಗವೇಣಿ ಅಂದವರಿಗೂ ಫೋನ್ ಮಾಡ್ದೆ, ಅವರ ಅತ್ತಿಗೆ ಮನೇಲಿ ಇಂಥದ್ದೇ ಒಂದು ಫೋಟೋ ಇದೆಯಂತೆ, ಭಾನುವಾರ ತರ್ತೀನಿ ಅಂದಿದಾರೆ. ಈ ಸಲ 117ನ್ನ ಕವರಿನಿಂದ ತೆಗೆಯೋಕೆ ಮುಂಚೆ ಅವರ ಫೋಟೋ ಹಿಂದೆ ಏನಿದೆ ಅಂತ ಓದಿ ಬರ್ಕೊಳ್ತೀನಿ.